ಗೆಳೆಯನ ಮೂವತ್ತಕ್ಕೆ ಕಾಲೆಳೆಯುವ ಭಾಷಣ, ಎದುರಿಗೆ ಅವನ ಅಮ್ಮನೂ ಇರ್ತಾರೆ. ಸ್ವಲ್ಪ ನೋಡಿ ಹೇಳಿ

ಮಳೆಹುಳ

ನಮಸ್ಕಾರ. ನಾನು ಚಿಕ್ಕಮಗಳೂರಿನವನು, ಈಗ ಬೆಂಗಳೂರಲ್ಲಿ ಕೆಲಸ. ಒಂದನೇ ಕ್ಲಾಸಿನಿಂದ ಜೊತೆಗಿರುವ ಗೆಳೆಯನಿಗೆ ಮುಂದಿನ ಭಾನುವಾರ ಮೂವತ್ತು ತುಂಬುತ್ತೆ. ಅವನ ಹೆಸರು ಇಲ್ಲಿ ಬೇಡ, ಸಂತು ಅಂತ ಇಟ್ಕೊಳ್ಳಿ. ಮೂಡಿಗೆರೆ ಕಡೆ ಅವನದ್ದು ಸಣ್ಣ ಕಾಫಿ ತೋಟ. ಊರ ಹತ್ತಿರದ ಒಂದು ಹೋಂಸ್ಟೇಯಲ್ಲಿ ಮಧ್ಯಾಹ್ನದ ಊಟ, ನಲವತ್ತು ಜನ. ಅವನ ಅಮ್ಮ, ಅತ್ತೆ, ಇಬ್ಬರು ಚಿಕ್ಕಪ್ಪಂದಿರು, ತೋಟದ ಅಕ್ಕಪಕ್ಕದವರು, ನಮ್ಮ ಶಾಲೆಯ ಗ್ಯಾಂಗು. ರೋಸ್ಟ್ ಥರ ಒಂದು ಟೋಸ್ಟ್ ನಾನೇ ಮಾಡಬೇಕು ಅಂತ ಗ್ಯಾಂಗಿನ ತೀರ್ಮಾನ.

ಬರೆದದ್ದು ಹೀಗಿದೆ. ಮೊದಲು ಅವನ ಕೂದಲು: ಹಣೆ ಎಲ್ಲಿ ಮುಗಿಯುತ್ತೆ ಅಂತ ಸರ್ವೆ ಮಾಡಿಸಬೇಕು. ಆಮೇಲೆ, ತೋಟದ ಹುಡುಗನಿಗೆ ಹುಡುಗಿ ಸಿಗದ ಕಥೆ. ಆಮೇಲೆ, ಯಾವತ್ತೂ ಲೇಟು, ಹುಟ್ಟಿದ್ದೂ ಲೇಟೇ ಇರಬೇಕು. ಬೆಳಗ್ಗೆ ಎದ್ದರೆ ಗ್ರೂಪಿನಲ್ಲಿ ಎಷ್ಟು ಇಂಚು, ಎಷ್ಟು ಸೆಂಟು ಅಂತ ಮಳೆ ಲೆಕ್ಕ ಹಾಕ್ತಾನೆ, ನೂರು ಸೆಂಟು ಅಂದ್ರೆ ಒಂದು ಇಂಚು. ಅವನ ಜೀಪು ತಳ್ಳದೆ ಸ್ಟಾರ್ಟ್ ಆಗಲ್ಲ. ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಬಿಟ್ಟು ಇಲ್ಲಿ ಕತ್ತಿ ಹಿಡಿದ. ಕೊನೆಗೆ ಗೋವಾ ಟ್ರಿಪ್ಪಿನ ಒಂದು ರಾತ್ರಿ.

ಇಷ್ಟನ್ನೂ ಓದಿದರೆ ನನಗೇ ನಗು ಬರ್ತಿಲ್ಲ. ಬೇಜಾರಾಗೋ ಜೋಕು ಒಂದೂ ಬೇಡ. ಆದರೆ ಸಪ್ಪೆಯೂ ಆಗಬಾರದು.

ಪುಡಿ ಅಂಗಡಿ

ರೋಸ್ಟ್ ಬಗ್ಗೆ ಕೇಳಿದ್ದಕ್ಕೆ ಹೇಳ್ತೀನಿ. ನಲವತ್ತು ಜನಕ್ಕೆ ಅಂದ್ರೆ ಡಾರ್ಕ್ ಬೇಡ, ಕಹಿ ಬರುತ್ತೆ, ವಯಸ್ಸಾದವರು ಕುಡಿಯಲ್ಲ. ಮೀಡಿಯಂ ರೋಸ್ಟ್ ಮಾಡಿಸಿ. ಚಿಕೋರಿ ಬೇಕಂದ್ರೆ ನೂರಕ್ಕೆ ಇಪ್ಪತ್ತರ ಮೇಲೆ ಹೋಗ್ಬೇಡಿ. ಹುರಿದ ಮಾರನೇ ದಿನ ಪುಡಿ ಮಾಡಿಸಿ.

ಬೇಲೂರ್ ಗುರು

ಅಂಗಡಿಯಣ್ಣ, ಅವರು ಮನುಷ್ಯನನ್ನ ಹುರಿಯೋ ವಿಷಯ ಹೇಳ್ತಿದ್ದಾರೆ.

ಮಳೆಹುಳ, ನೀನು ಜಾಸ್ತಿ ಯೋಚನೆ ಮಾಡ್ತಿದ್ದೀಯ ಗುರು. ಇಪ್ಪತ್ತೈದು ವರ್ಷದ ಫ್ರೆಂಡು, ಅವನಿಗೆ ಏನು ಹೇಳಿದರೂ ನಡೆಯುತ್ತೆ. ಖಾರ ಇಲ್ಲದೆ ಕೋಳಿ ಸಾರು ಮಾಡಿ ಬಡಿಸಿದರೆ ಯಾರು ತಿಂತಾರೆ? ಬೋಳು, ಮದುವೆ, ಗೋವಾ, ಎಲ್ಲಾ ಇರಲಿ. ಒಂದು ಮಾತ್ರ ಹೇಳ್ತೀನಿ. ಪ್ರತಿ ಜೋಕಿನ ಹಿಂದೆ "ಬೇಜಾರಾಗ್ಬೇಡ ಮಗಾ, ತಮಾಷೆಗೆ ಹೇಳ್ದೆ" ಅಂತ ಸೇರಿಸಬೇಡ. ಅದನ್ನ ಹೇಳಿದ ತಕ್ಷಣ ಎಲ್ಲರೂ ಅವನ ಮುಖ ನೋಡ್ತಾರೆ, ನಿಜವಾಗಲೂ ಬೇಜಾರಾಯ್ತಾ ಅಂತ.

ನಿರೂಪಣೆ ಅಕ್ಕ, ಹಾಸನ

ಹದಿಮೂರು ವರ್ಷದಿಂದ ಮದುವೆ, ಗೃಹಪ್ರವೇಶ, ಬೀಳ್ಕೊಡುಗೆ ಎಲ್ಲದಕ್ಕೂ ಮೈಕ್ ಹಿಡಿದಿದ್ದೇನೆ. ಗುರು ಕೊನೆಗೆ ಹೇಳಿದ್ದು ನೂರಕ್ಕೆ ನೂರು ಸರಿ. ಜೋಕಿನ ಹಿಂದೆ ಕ್ಷಮೆ ಬೇಕು ಅನ್ನಿಸಿದರೆ ಆ ಜೋಕನ್ನೇ ತೆಗೆಯಬೇಕು. ಆದರೆ "ಏನು ಹೇಳಿದರೂ ನಡೆಯುತ್ತೆ" ಅನ್ನೋದನ್ನ ನಾನು ಒಪ್ಪಲ್ಲ. ನಿಮ್ಮಿಬ್ಬರ ಮಧ್ಯೆ ನಡೆಯೋ ಮಾತು ಚಿಕ್ಕಪ್ಪಂದಿರ ಮುಂದೆ ನಡೆಯಲ್ಲ. ಅವನು ನಗ್ತಾನೆ, ನಿಜ. ನಲವತ್ತು ಜನ ನೋಡ್ತಿರುವಾಗ ನಗದೆ ಇನ್ನೇನು ಮಾಡ್ತಾನೆ?

ನಾನು ಬರೆದುಕೊಡುವಾಗ ಮೊದಲು ಒಂದೇ ಗೆರೆ ಎಳೆಯುತ್ತೇನೆ. ಅವನು ತಾನಾಗಿ ಮಾಡೋದು ಒಂದು ಕಡೆ, ಅವನ ಮೇಲೆ ಬಂದು ಬಿದ್ದದ್ದು ಇನ್ನೊಂದು ಕಡೆ. ತಾನಾಗಿ ಮಾಡೋದರ ಮೇಲೆ ಎಷ್ಟು ಬೇಕಾದರೂ ಎಳೆಯಬಹುದು. ಲೇಟಾಗಿ ಬರೋದು, ಮಳೆ ಲೆಕ್ಕ, ಜೀಪು ಮಾರದೆ ಇಟ್ಟುಕೊಂಡಿರೋದು, ಇವೆಲ್ಲ ಆ ಕಡೆಯವು. ನಾಳೆ ಬೇಕಾದರೆ ಬಿಡಬಹುದು, ಆದರೆ ಬಿಡಲ್ಲ. ಅದಕ್ಕೇ ತಮಾಷೆ. ಕೂದಲು ಉದುರೋದನ್ನ ಅವನು ಬಿಡೋಕಾಗುತ್ತಾ? ಹುಡುಗಿ ಸಿಗದಿರೋದೂ ಹಾಗೇ. ನಮ್ಮ ಕಡೆ ತೋಟದಲ್ಲಿ, ಹೊಲದಲ್ಲಿ ಇರೋ ಹುಡುಗರ ಮನೆಯಲ್ಲಿ ಅದು ದಿನಾ ಬೇಯುವ ಮಾತು. ನೀವು ಜೋಕು ಹೇಳಿ ಕೂತ ಮೇಲೆ ಅವನ ಅತ್ತೆ ಊಟದ ಸಾಲಿನಲ್ಲಿ "ಹೌದಲ್ವಾ, ಆ ಕಡೂರಿನ ಸಂಬಂಧ ಏನಾಯ್ತು?" ಅಂತ ಶುರು ಮಾಡ್ತಾರೆ. ಜೋಕು ಹತ್ತು ಸೆಕೆಂಡು, ಅದರ ಬಾಲ ಸಂಜೆವರೆಗೆ.

ಗೋವಾ ಬಿಡಿ. ಗ್ಯಾಂಗಿಗೆ ಮಾತ್ರ ಅರ್ಥವಾಗುತ್ತೆ. ಉಳಿದ ಮೂವತ್ತು ಜನ ಒಬ್ಬರ ಮುಖ ಒಬ್ಬರು ನೋಡ್ತಾರೆ.

ಇನ್ನೊಂದು ಕೇಳಬೇಕಿತ್ತು. ಲ್ಯಾಪ್‌ಟಾಪ್ ಬಿಟ್ಟು ಕತ್ತಿ ಹಿಡಿದ ಅಂದಿರಲ್ಲ, ಯಾಕೆ ಬಿಟ್ಟ?

ಮಳೆಹುಳ

ಅವರಪ್ಪ ತೀರಿಕೊಂಡರು, ನಾಲ್ಕು ವರ್ಷ ಆಯ್ತು. ನೋಡಿಕೊಳ್ಳೋರು ಯಾರೂ ಇರಲಿಲ್ಲ ಅಂತ ಬಂದ. ಈಗ ಅವನಿಗೆ ತೋಟ ಅಂದ್ರೆ ಜೀವ.

ಆದರೆ ಅಕ್ಕ, ಮದುವೆ ವಿಷಯ ಅವನೇ ಜೋಕು ಮಾಡ್ತಾನೆ. "ನನ್ನ ಜಾತಕ ಪೋಸ್ಟಾಫೀಸಿಗಿಂತ ಜಾಸ್ತಿ ಊರು ನೋಡಿದೆ" ಅಂತ ಅವನೇ ಹೇಳೋದು. ನಾನು ಹೇಳಿದರೆ ಏನು ತಪ್ಪು?

ನಿರೂಪಣೆ ಅಕ್ಕ, ಹಾಸನ

ಹಾಗಾದರೆ ಆ ಕತ್ತಿ ಜೋಕು ಮೇಲ್ನೋಟಕ್ಕೆ ಅವನು ತಾನಾಗಿ ಮಾಡಿದ್ದು, ನಿಜವಾಗಿ ಅವನ ಮೇಲೆ ಬಂದು ಬಿದ್ದದ್ದು. ತೆಗೆದುಬಿಡಿ. ನೀವು ಹೇಳೋದು ಕತ್ತಿ, ಅವನ ಅಮ್ಮನಿಗೆ ಕೇಳೋದು ಆ ವರ್ಷ.

ಅವನೇ ಹೇಳಿಕೊಳ್ಳೋದಕ್ಕೂ ನೀವು ಹೇಳೋದಕ್ಕೂ ವ್ಯತ್ಯಾಸ ಇದೆ. ಅವನು ಹೇಳುವಾಗ ಯಾವತ್ತು, ಯಾರ ಮುಂದೆ ಅಂತ ಅವನೇ ಆರಿಸಿಕೊಳ್ತಾನೆ. ಬೇಡ ಅನ್ನಿಸಿದ ದಿನ ಸುಮ್ಮನಿರ್ತಾನೆ. ಮೈಕ್ ನಿಮ್ಮ ಕೈಯಲ್ಲಿದ್ದಾಗ ಅವನಿಗೆ ಆ ಅವಕಾಶ ಇಲ್ಲ.

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್

ಇದನ್ನ ಓದಿ ನನ್ನ ಮೂವತ್ತು ನೆನಪಾಯ್ತು. ಹೇಳಬೇಕೋ ಬೇಡವೋ ಗೊತ್ತಿಲ್ಲ, ಹೇಳ್ತೀನಿ.

ಮದುವೆಯಾಗಿ ಐದು ತಿಂಗಳು ಆಗಿತ್ತು. ಹೆಂಡತಿ ಮನೆಯವರೆಲ್ಲ ಬಂದಿದ್ದರು. ಗೆಳೆಯ ಎದ್ದು ನಿಂತು ತುಂಬಾ ಚೆನ್ನಾಗಿ ಮಾತಾಡಿದ. ಜನ ಬಿದ್ದು ಬಿದ್ದು ನಕ್ಕರು. ಮಧ್ಯದಲ್ಲಿ ಒಂದು ಸಾಲು: "ಇವನು ಬರೆದಷ್ಟು ಪರೀಕ್ಷೆ ಯಾರೂ ಬರೆದಿಲ್ಲ, ಪಾಸಾದದ್ದು ಮಾತ್ರ ಗೊತ್ತಿಲ್ಲ." ನಾನು ಸರ್ಕಾರಿ ಪರೀಕ್ಷೆ ನಾಲ್ಕು ಸಲ ಬರೆದದ್ದು ಮಾವನಿಗೆ ಗೊತ್ತಿರಲಿಲ್ಲ. ಒಂದೇ ಸಲ ಅಂತ ನಮ್ಮ ಮನೆಯವರು ಹೇಳಿದ್ದರು. ಮಾವ ಏನೂ ಅನ್ನಲಿಲ್ಲ. ಕೈಲಿದ್ದ ಕೇಕಿನ ತಟ್ಟೆಯನ್ನ ಕುರ್ಚಿ ಕೆಳಗಿಟ್ಟರು, ಅಷ್ಟೇ. ಆ ತಟ್ಟೆ ನನಗೆ ಇವತ್ತಿಗೂ ಕಾಣುತ್ತೆ.

ಗೆಳೆಯನ ತಪ್ಪಿಲ್ಲ, ಅವನಿಗೂ ಗೊತ್ತಿರಲಿಲ್ಲ. ಈಗಲೂ ಮಾತಾಡ್ತೀವಿ. ಆದರೆ ಮೊದಲಿನಷ್ಟು ಇಲ್ಲ.

ಬೇಲೂರ್ ಗುರು

ಸಾರಿ ಬ್ರದರ್. ಅದು ಯಾರ ಮುಂದೆ ಅನ್ನೋದೇ ಎಡವಟ್ಟಾಗಿದ್ದು. ಸರಿ, ಮದುವೆ ಜೋಕು ಬೇಡ. ಬೋಳು ಮಾತ್ರ ಇರಲಿ, ನಮ್ಮಲ್ಲಿ ಯಾರಿಗೆ ಕೂದಲಿದೆ?

ಮೇಷ್ಟ್ರು, ಅಜ್ಜಂಪುರ

ನಿವೃತ್ತ ಕನ್ನಡ ಮೇಷ್ಟ್ರು ನಾನು. ಮಾತು ಉದ್ದವಾದರೆ ಸಹಿಸಿಕೊಳ್ಳಿ. ರೋಸ್ಟ್ ಅಂದರೆ ಏನೋ ಹೊಸದು ಬಂದಿದೆ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ನಮ್ಮಲ್ಲಿ ನಿಂದಾಸ್ತುತಿ ಅಂತ ಇದೆ. ಬೈಯುವಂತೆ ಶುರು ಮಾಡಿ ಹೊಗಳಿಕೆಯಲ್ಲಿ ಇಳಿಯೋದು. ದಾಸರು ದೇವರನ್ನೇ ಬಿಟ್ಟಿಲ್ಲ. ಪುರಂದರದಾಸರು ವಿಠಲನನ್ನು ತರಾಟೆಗೆ ತೆಗೆದುಕೊಳ್ಳೋದು ನೋಡಿದರೆ, ಇವರಿಗೂ ಅವನಿಗೂ ಎಷ್ಟು ಸಲಿಗೆ ಅಂತ ಮೊದಲು ಅದೇ ತಿಳಿಯುತ್ತೆ.

ಅದರ ಗುಟ್ಟು ಇಷ್ಟು. ಬೈಗುಳ ಒಂದು ಕಡೆ, ಹೊಗಳಿಕೆ ಬೇರೆ ಕಡೆ ಇರೋದಿಲ್ಲ. ಯಾವ ಗುಣವನ್ನು ಬೈದರೋ ಅದನ್ನೇ ತಿರುಗಿಸಿದರೆ ಹೊಗಳಿಕೆ. ನೀವೆಲ್ಲ ಐದು ಜೋಕು ಹೇಳಿ, ಕೊನೆಗೆ "ಆದರೂ ಇವನು ಬಂಗಾರದಂಥ ಮನುಷ್ಯ" ಅಂತ ಪ್ರತ್ಯೇಕವಾಗಿ ಅಂಟಿಸ್ತೀರಿ. ಅಂಟಿಸಿದ್ದು ಉದುರಿಹೋಗುತ್ತೆ. ಸಂತುವಿನ ಯಾವ ದೋಷದ ಹಿಂದೆ ಅವನ ಗುಣ ಅಡಗಿದೆ, ಅದನ್ನು ಹುಡುಕಿ.

ಸೀತತ್ತೆ, ಅರಸೀಕೆರೆ

ಮೇಷ್ಟ್ರು ಹೇಳಿದ್ದು ದೊಡ್ಡ ಮಾತು. ನಾನು ಮನೆ ಮಾತು ಹೇಳ್ತೀನಿ ಮಗಾ. ನಮ್ಮ ಮದುವೆಗಳಲ್ಲಿ ಬೀಗರ ಹಾಡು ಇರ್ತಿತ್ತು. ಊಟಕ್ಕೆ ಕೂತ ಬೀಗರನ್ನ ಹೆಣ್ಣಿನ ಕಡೆಯವರು ಹಾಡಿನಲ್ಲೇ ಹಿಗ್ಗಾಮುಗ್ಗಾ ಆಡಿಕೊಳ್ಳೋದು. ಬೀಗರು ಎಷ್ಟು ತಿಂದರು ಅಂದ್ರೆ ಹಂಡೆಗಟ್ಟಲೆ ಸಾರು ಖಾಲಿ, ಎಲೆಯನ್ನೂ ಬಿಡಲಿಲ್ಲ, ಹೀಗೆ. ಅದನ್ನ ಯಾರೂ ನಿಜ ಅಂದುಕೊಳ್ಳೋದಿಲ್ಲ. ಒಬ್ಬರೇ ಹಂಡೆ ಸಾರು ಕುಡಿಯೋಕಾಗುತ್ತಾ? ನಿಜಕ್ಕೆ ಹತ್ತಿರ ಇರೋದನ್ನ ಹಾಡ್ತಿರಲಿಲ್ಲ. ಬೀಗರು ಸಾಲದಲ್ಲಿದ್ದರೆ ದುಡ್ಡಿನ ಸುದ್ದಿ ಎತ್ತೋ ಹಾಗಿಲ್ಲ, ಅಜ್ಜಿ ಕಣ್ಣು ಬಿಡೋರು.

ಇನ್ನೊಂದು, ಅವರೂ ತಿರುಗಿ ಹಾಡೋರು. ಒಂದೇ ಕಡೆಯಿಂದ ಇರ್ತಿರಲಿಲ್ಲ. ನೀನು ಮಾತಾಡಿ ಕೂತ ಮೇಲೆ ಆ ಹುಡುಗನ ಕೈಗೂ ಮೈಕ್ ಕೊಡು. ಅವನೂ ನಿನ್ನ ನಾಲ್ಕು ಮಾತು ಆಡಲಿ.

ಮಳೆಹುಳ

ಅತ್ತೆ, ಇದು ನನಗೆ ಹೊಳೆದೇ ಇರಲಿಲ್ಲ. ಮೈಕ್ ಖಂಡಿತ ಕೊಡ್ತೀನಿ, ಹೆದರಿಕೆ ಇದೆ ಅಷ್ಟೇ.

ಉಳಿದದ್ದು ಲೇಟು, ಮಳೆ, ಜೀಪು. ಮೂರೇ. ನಾಲ್ಕು ನಿಮಿಷ ಹೇಗೆ ತುಂಬಿಸಲಿ?

ನಿರೂಪಣೆ ಅಕ್ಕ, ಹಾಸನ

ಮೂರು ಧಾರಾಳ. ಕೈಬರಹದಲ್ಲಿ ಎರಡು ಪುಟ ಬರೆದರೆ ನಾಲ್ಕು ನಿಮಿಷ ಆಗುತ್ತೆ. ಈಗ ಲೇಟಿನದು ತಗೊಳ್ಳೋಣ. "ಯಾವತ್ತೂ ಲೇಟು, ಹುಟ್ಟಿದ್ದೂ ಲೇಟು" ಅನ್ನೋದನ್ನ ಯಾರ ಹುಟ್ಟುಹಬ್ಬದಲ್ಲಾದರೂ ಹೇಳಬಹುದು. ಅದಕ್ಕೇ ನಿಮಗೆ ನಗು ಬರ್ತಿಲ್ಲ. ನಾನು ಕೇಳಿದ್ದಕ್ಕೆ ಜೋಕು ಮಾಡದೆ ಉತ್ತರ ಕೊಡಿ. ಅವನು ಲೇಟಾದಾಗ ನೀವು ಫೋನ್ ಮಾಡ್ತೀರಿ. ಏನು ಹೇಳ್ತಾನೆ? ಅವನು ಹೇಳಿದ ಪದವನ್ನೇ ಹೇಳಿ.

ಮಳೆಹುಳ

"ಮೂಗ್ತಿಹಳ್ಳಿ ದಾಟಿದೆ ಮಾರಾಯ" ಅಂತಾನೆ. ಯಾವಾಗಲೂ ಅದೇ. ಮೂಗ್ತಿಹಳ್ಳಿ ದಾಟಿದರೆ ಚಿಕ್ಕಮಗಳೂರಿಗೆ ಬಂದ ಹಾಗೇ ಅಲ್ವಾ. ಆದರೆ ಹಿಂದೆ ಕೋಳಿ ಕೂಗ್ತಿರುತ್ತೆ. ಅವರಮ್ಮ "ನೀರು ಕಾದಿದೆ, ಸ್ನಾನಕ್ಕೆ ಹೋಗೋ" ಅಂತ ಕೂಗೋದೂ ಕೇಳುತ್ತೆ.

ನಿರೂಪಣೆ ಅಕ್ಕ, ಹಾಸನ

ನೋಡಿ, ಜೋಕು ನಿಮ್ಮ ಹತ್ತಿರವೇ ಇತ್ತು! ಇದನ್ನ ಒಂದಕ್ಷರ ಉಪ್ಪುಖಾರ ಹಾಕದೆ ಹೀಗೇ ಹೇಳಿ. ಕ್ರಮ ಮಾತ್ರ ನೋಡಿಕೊಳ್ಳಿ. ಮೊದಲು ಮೂಗ್ತಿಹಳ್ಳಿ, ಆಮೇಲೆ ಕೋಳಿ, ಕೊನೆಗೆ ಅಮ್ಮ. "ಸ್ನಾನಕ್ಕೆ ಹೋಗೋ" ಅನ್ನೋದೇ ಕೊನೆಯ ಮಾತು. ಅದಾದ ಮೇಲೆ "ಅಂದ್ರೆ ಅವನು ಇನ್ನೂ ಮನೆಯಲ್ಲೇ ಇದ್ದ" ಅಂತ ಬಿಡಿಸಿ ಹೇಳಬೇಡಿ. ಬಾಯಿ ಮುಚ್ಚಿ ನಿಲ್ಲಿ, ಮನಸ್ಸಿನಲ್ಲಿ ಮೂರು ಎಣಿಸಿ. ಹೊಸಬರು ನಗು ಶುರುವಾಗುವ ಮೊದಲೇ ಮುಂದಿನ ಸಾಲಿಗೆ ಓಡ್ತಾರೆ, ಎರಡೂ ಹಾಳಾಗುತ್ತೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಜೋಕಿನ ಕೊನೆಯ ಮಾತು ಅವನ ಅಮ್ಮನದ್ದು. ಎಲ್ಲರೂ ಅವರ ಕಡೆ ತಿರುಗಿ ನಗ್ತಾರೆ, ಅವರೂ ನಗ್ತಾರೆ. ಕೂತು ಕೇಳಬೇಕಾಗಿದ್ದವರು ಆಟದಲ್ಲೇ ಸೇರಿದರು.

ಈಗ ಮೇಷ್ಟ್ರ ಪ್ರಶ್ನೆ. ಅವನು ಹೇಳಿದ ಹೊತ್ತಿಗೆ ಬಂದದ್ದು ಯಾವತ್ತಾದರೂ ಇದೆಯಾ?

ಮಳೆಹುಳ

ಇದೆ. ಒಂದೇ ಸಲ. ಎರಡು ವರ್ಷದ ಹಿಂದೆ ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು. ನಾನು ಬೆಂಗಳೂರಲ್ಲಿ. ಅವನಿಗೆ ಫೋನ್ ಮಾಡಿದೆ. ಏನೂ ಮಾತಾಡದೆ ಇಟ್ಟುಬಿಟ್ಟ. ಅಮ್ಮ ಬಾಗಿಲು ತೆಗೆಯೋ ಹೊತ್ತಿಗೆ ಜೀಪು ಗೇಟಿನ ಮುಂದೆ ನಿಂತಿತ್ತಂತೆ. ಮಳೆಯಲ್ಲಿ. ಅಪ್ಪ ಈಗ ಚೆನ್ನಾಗಿದ್ದಾರೆ, ಅವರೂ ಬರ್ತಾರೆ ಭಾನುವಾರ.

ಬರೆಯುವಾಗಲೇ ಗಂಟಲು ಕಟ್ತಿದೆ.

ಮೇಷ್ಟ್ರು, ಅಜ್ಜಂಪುರ

ಇದೇ ಇದೇ. ಸಿಕ್ಕಿತು.

ಬೇಲೂರ್ ಗುರು

ಜೀಪು ತಳ್ಳದೆ ಸ್ಟಾರ್ಟ್ ಆಗಲ್ಲ ಅಂದಿದ್ದೆಯಲ್ಲ. ಅವತ್ತು ಹೇಗೆ ಸ್ಟಾರ್ಟ್ ಆಯ್ತು?

ನಿರೂಪಣೆ ಅಕ್ಕ, ಹಾಸನ

ಗುರು, ಒಳ್ಳೇ ಪ್ರಶ್ನೆ. ಕೊನೆಯ ಸಾಲು ಅದೇ ಆಗಬಹುದು. ಗಂಟಲು ಕಟ್ಟುವ ಜಾಗದಲ್ಲಿ ಜೀಪು ಬಂದರೆ ಜನ ಕಣ್ಣೊರೆಸಿಕೊಳ್ತಾ ನಗ್ತಾರೆ. ಆದರೆ ಮಳೆಹುಳ, ನಿಮ್ಮ ತಂದೆಯನ್ನ ಮೊದಲು ಕೇಳಿ. ಅದು ಅವರ ಕಾಯಿಲೆಯ ಕಥೆ. ನಲವತ್ತು ಜನರ ಮುಂದೆ ಬೇಡ ಅಂದರೆ "ನಮ್ಮ ಮನೆಗೆ ಒಂದು ರಾತ್ರಿ ಅವನ ಅಗತ್ಯ ಬಿತ್ತು" ಅಂದರೆ ಸಾಕು.

ಮಳೆಹುಳ

ಅಪ್ಪನನ್ನ ಕೇಳಿದೆ. "ಎದೆನೋವು ಅನ್ನು, ಗ್ಯಾಸ್ ಅಂತ ಮಾತ್ರ ಅನ್ನಬೇಡ" ಅಂದರು. ಹೊಸದಾಗಿ ಬರೆದಿದ್ದೇನೆ, ನೋಡಿ.

"ಎಲ್ಲರಿಗೂ ನಮಸ್ಕಾರ. ನಾನು ಸಂತುವಿನ ಗೆಳೆಯ. ಆರನೇ ಕ್ಲಾಸಿನಲ್ಲಿ ಇವನ ಗಣಿತ ನೋಡಿ ಬರೆದು ಇಬ್ಬರೂ ಫೇಲಾದೆವು. ಆದರೂ ಇನ್ನೂ ಜೊತೆಗಿದ್ದೇವೆ.

ಬೆಳಗ್ಗೆ ಆರಕ್ಕೆ ನಿಮ್ಮ ಗ್ರೂಪುಗಳಲ್ಲಿ ಗುಡ್ ಮಾರ್ನಿಂಗ್ ಬರುತ್ತೆ, ಹೂವಿನ ಫೋಟೋ ಬರುತ್ತೆ. ನಮ್ಮ ಗ್ರೂಪಿನಲ್ಲಿ 'ಒಂದು ಇಂಚು ಇಪ್ಪತ್ತು ಸೆಂಟು' ಅಂತ ಬರುತ್ತೆ. ಅಷ್ಟೇ. ನಾನಿರೋದು ಬೆಂಗಳೂರಿನಲ್ಲಿ, ನಾಲ್ಕನೇ ಮಹಡಿ. ನನ್ನ ತೋಟ ಅಂದರೆ ಒಂದು ತುಳಸಿ ಕುಂಡ. ಐದು ನಿಮಿಷ ಬಿಟ್ಟು ಇವನೇ ಕೇಳ್ತಾನೆ, 'ನಿಮ್ಮಲ್ಲಿ ಎಷ್ಟು?' ಕಳೆದ ತಿಂಗಳಿಂದ ನಾನೂ ಬಾಲ್ಕನಿಯಲ್ಲಿ ಒಂದು ಲೋಟ ಇಟ್ಟಿದ್ದೇನೆ.

ಇವನ ಜೀಪು ಎಲ್ಲರಿಗೂ ಗೊತ್ತು. ಯಾಕೆಂದರೆ ಇಲ್ಲಿರೋ ಎಲ್ಲರೂ ಅದನ್ನ ತಳ್ಳಿದ್ದೀರಿ.

ಇನ್ನು, ಸಂತು ಲೇಟು ಅಂತ ನಾನು ಹೇಳಲ್ಲ. ಫೋನ್ ಮಾಡಿದಾಗಲೆಲ್ಲ 'ಮೂಗ್ತಿಹಳ್ಳಿ ದಾಟಿದೆ ಮಾರಾಯ' ಅಂತಾನೆ. ಹಿಂದೆ ಕೋಳಿ ಕೂಗುತ್ತೆ. ಇರಲಿ, ಮೂಗ್ತಿಹಳ್ಳಿಯಲ್ಲೂ ಕೋಳಿ ಇರುತ್ತೆ. ಆಮೇಲೆ ಅಮ್ಮನ ಧ್ವನಿ ಕೇಳುತ್ತೆ: 'ನೀರು ಕಾದಿದೆ, ಸ್ನಾನಕ್ಕೆ ಹೋಗೋ.'

ಒಂದೇ ಒಂದು ಸಲ ಇವನು ಹಾಗೆ ಹೇಳಲಿಲ್ಲ. ನಡುರಾತ್ರಿ ಎರಡಕ್ಕೆ ನಮ್ಮಪ್ಪನಿಗೆ ಎದೆನೋವು ಬಂದಾಗ ನಾನು ಬೆಂಗಳೂರಿನಿಂದ ಫೋನ್ ಮಾಡಿದೆ. ಮಾತೇ ಆಡದೆ ಇಟ್ಟ. ಅಮ್ಮ ಬಾಗಿಲು ತೆಗೆದರೆ ಇವನು ನಿಂತಿದ್ದ. ಇವತ್ತಿಗೂ ನಾನು ಕೇಳಿಲ್ಲ ಸಂತು, ಈಗ ಕೇಳ್ತೀನಿ. ಆ ರಾತ್ರಿ ಜೀಪು ಯಾರು ತಳ್ಳಿದರು?

ಎಲ್ಲರೂ ಲೋಟ ಎತ್ತಿ. ಸಂತುಗೆ ಮೂವತ್ತು."

ನಿರೂಪಣೆ ಅಕ್ಕ, ಹಾಸನ

ಚೆನ್ನಾಗಿದೆ. ಮೊದಲ ಏಟು ನಿಮಗೇ ಕೊಟ್ಟುಕೊಂಡಿದ್ದೀರಿ, ಅದು ಮುಖ್ಯ. ಫೇಲಾದದ್ದು ಮಾತ್ರ ನೋಡಿಕೊಳ್ಳಿ, ಅವನ ಗಣಿತವೂ ತಪ್ಪು ಅಂತಾಯ್ತಲ್ಲ. ಆರನೇ ಕ್ಲಾಸು ಬಿಡಿ, ಪರವಾಗಿಲ್ಲ, ಅಷ್ಟು ಹಳೆಯದು ಯಾರಿಗೂ ನೋಯಲ್ಲ.

ಜೀಪಿನ ಜೋಕನ್ನ ಇನ್ನೂ ಬೆಳೆಸಬೇಡಿ. ಒಂದೇ ಸಾಲಿನಲ್ಲಿ ಇಟ್ಟು ಮುಂದೆ ಹೋಗಿದ್ದೀರಿ, ಕೊನೆಗೆ ವಾಪಸ್ ಬರುವಾಗ ಜನಕ್ಕೆ ನೆನಪಿದ್ದರೆ ಸಾಕು.

ಈ ಆಗಸ್ಟ್ ಮಳೆಯಲ್ಲಿ ಹೋಂಸ್ಟೇ ಅಂತೀರಿ. ಊಟದ ಜಾಗಕ್ಕೆ ಶೀಟ್ ಹೊದಿಸಿದ್ದಾರಾ? ಶೀಟಿನ ಮೇಲೆ ಮಳೆ ಬಿದ್ದರೆ ಮೈಕ್ ಇದ್ದರೂ ಮಾತು ಕೇಳಲ್ಲ. ಸಕಲೇಶಪುರದಲ್ಲಿ ಒಮ್ಮೆ ಇಡೀ ಭಾಷಣ ಕೈಸನ್ನೆಯಲ್ಲಿ ಮುಗಿಸಿದ್ದೇನೆ. ಹೆಂಚಿನ ಹಾಲ್ ಇದ್ದರೆ ಅಲ್ಲಿಗೆ ಬದಲಾಯಿಸಿ.

ಪುಡಿ ಅಂಗಡಿ

ಈಗ ಅರ್ಥ ಆಯ್ತು, ಯಾವ ರೋಸ್ಟ್ ಅಂತ. ನಾನು ಮೇಲಿಂದ ಪೂರ್ತಿ ಓದಿದೆ. ಒಂದು ಮಾತು. ಲೋಟ ಎತ್ತಿ ಅಂತೀರಿ, ಲೋಟದಲ್ಲಿ ಏನು? ಕಾಫಿ ಆದರೆ ಮಾತಿಗೆ ಮೊದಲೇ ಹಂಚಬೇಡಿ. ಸ್ಟೀಲ್ ಲೋಟ ಮೊದಲು ಕೈ ಸುಡುತ್ತೆ, ಜನ ಕೈ ಬದಲಾಯಿಸ್ತಾ ಕೂರ್ತಾರೆ, ನಾಲ್ಕು ನಿಮಿಷಕ್ಕೆ ಕೆನೆ ಕಟ್ಟುತ್ತೆ. ಮೂಗ್ತಿಹಳ್ಳಿ ಅಂದಾಗ ಅಡುಗೆಯವರಿಗೆ ಸನ್ನೆ ಮಾಡಿ, ಆಗ ಹಾಲು ಕಾಯಿಸಲಿ.

ಬೇಲೂರ್ ಗುರು

ಅಂಗಡಿಯಣ್ಣನಿಗೆ ಜೈ. ಕೊನೆಯದಾಗಿ: ಅಪ್ಪ ಇಲ್ಲದೆ ನಾಲ್ಕು ವರ್ಷ ತೋಟ ನಡೆಸಿದ್ದಾನೆ. ಅದನ್ನ ಒಂದು ಸಾಲು ಹೇಳಬೇಕಲ್ವಾ? ಹೊಗಳಿಕೆ ಅಂದರೆ ಅದೇ ದೊಡ್ಡದು.

ಮೇಷ್ಟ್ರು, ಅಜ್ಜಂಪುರ

ನನಗೂ ಹಾಗೇ ಅನ್ನಿಸುತ್ತೆ. ಒಂದು ಸಾಲು, ಗಂಭೀರವಾಗಿ.

ಸೀತತ್ತೆ, ಅರಸೀಕೆರೆ

ಬೇಡಪ್ಪ. ಆ ತಾಯಿ ಹಬ್ಬದ ದಿನ ಅಡುಗೆ ಮನೆಗೆ ಹೋಗಿ ಅತ್ತು ಬರೋ ಹಾಗೆ ಮಾಡಬೇಡಿ. ನನ್ನ ಮಗನ ನಾಮಕರಣದಲ್ಲಿ ಯಾರೋ ನಮ್ಮೆಜಮಾನರ ಹೆಸರೆತ್ತಿ, ಆಮೇಲೆ ಪಾಯಸ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಚನ್ನರಾಯಪಟ್ಟಣ ಎಕ್ಸ್‌ಪ್ರೆಸ್

ಹೇಳದೆ ಬಿಟ್ಟರೆ ಮರೆತರು ಅನ್ನಿಸೋದೂ ಇದೆ ಅತ್ತೆ. ನನಗೆ ಹಾಗೆ ಅನ್ನಿಸಿದ್ದುಂಟು. ಯಾವುದು ಸರಿ ಅಂತ ಹೇಳಲಾರೆ.

ನಿರೂಪಣೆ ಅಕ್ಕ, ಹಾಸನ

ಇದಕ್ಕೆ ನನ್ನ ಹತ್ತಿರ ಗೆರೆ ಇಲ್ಲ. ಎರಡೂ ನೋಡಿದ್ದೇನೆ, ಎರಡೂ ತಪ್ಪಿದ್ದನ್ನೂ ನೋಡಿದ್ದೇನೆ. ಅವನ ಅಮ್ಮನನ್ನ ನೀವು ಚಿಕ್ಕಂದಿನಿಂದ ನೋಡಿದ್ದೀರಿ, ನಿಮಗೇ ಗೊತ್ತಾಗಬೇಕು. ಇನ್ನೊಂದು, ಯಾರಾದರೂ ವಿಡಿಯೋ ಮಾಡ್ತಾರೆ. ಮೂವತ್ತು ಸೆಕೆಂಡ್ ಕತ್ತರಿಸಿ ಸ್ಟೇಟಸ್ಸಿಗೆ ಹಾಕ್ತಾರೆ. ಕತ್ತರಿಸಿದ ತುಂಡೂ ಬೇಜಾರು ಮಾಡಬಾರದು. ನಿಮ್ಮದರಲ್ಲಿ ಯಾವ ತುಂಡು ಕತ್ತರಿಸಿದರೂ ಪರವಾಗಿಲ್ಲ, ನಾನು ನೋಡಿದೆ.

ಮಳೆಹುಳ

ಭಾನುವಾರ ಮುಗೀತು. ರಾತ್ರಿಯ ಬಸ್ಸಿನಲ್ಲಿ ಕೂತು ಬರೀತಿದ್ದೇನೆ.

ಊಟದ ಜಾಗಕ್ಕೆ ಶೀಟೇ ಇತ್ತು ಅಕ್ಕ. ಜಗಲಿಗೆ ಬದಲಾಯಿಸಿದೆವು. ಅವರಪ್ಪನ ವಿಷಯ ನಾನು ಎತ್ತಲಿಲ್ಲ.

ಗಣಿತದ ಜೋಕು ಬಿದ್ದುಹೋಯ್ತು, ಯಾರೂ ನಗಲಿಲ್ಲ. ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲ ಅನ್ನಿಸುತ್ತೆ. ಮಳೆ ಲೆಕ್ಕಕ್ಕೆ ತೋಟದವರು ನಗದೆ ಗಂಭೀರವಾಗಿ ತಲೆ ಆಡಿಸಿದರು. ಒಬ್ಬರು ಅಲ್ಲೇ "ನಮ್ಮಲ್ಲಿ ಒಂದೂವರೆ ಇಂಚು" ಅಂದರು. ಅದಕ್ಕೆ ನಗು ಎದ್ದದ್ದು ನಿಲ್ಲಲು ಒಂದು ನಿಮಿಷ ಬೇಕಾಯ್ತು. ಮೂಗ್ತಿಹಳ್ಳಿ ಸಾಲಿಗೆ ಬಂದು "ಆಮೇಲೆ ಅಮ್ಮನ ಧ್ವನಿ ಕೇಳುತ್ತೆ" ಅಂದು ಉಸಿರು ತಗೊಂಡೆ. ಅಷ್ಟರಲ್ಲಿ ಅವರಮ್ಮನೇ ಕುರ್ಚಿಯಿಂದ ಕೂಗಿದರು: "ನೀರು ಕಾದಿದೆ, ಹೋಗೋ ಸ್ನಾನಕ್ಕೆ!" ನನ್ನ ಸಾಲು ಕಿತ್ತುಕೊಂಡರು. ನಾನು ಮೂರು ಎಣಿಸಬೇಕಾದ್ದೇ ಬರಲಿಲ್ಲ.

ಜೀಪಿನ ಪ್ರಶ್ನೆಗೆ ಸಂತು ತಲೆ ಬಗ್ಗಿಸಿ ಕೂತಿದ್ದ. ಮೈಕ್ ಕೊಟ್ಟೆ. "ಇಳಿಜಾರಲ್ಲಿ ನಿಲ್ಲಿಸಿದ್ದೆ" ಅಂದ. ಇನ್ನೇನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನ ತುಳಸಿ ಗಿಡ ಸತ್ತು ಮೂರು ತಿಂಗಳಾಯ್ತು ಅಂತ ಎಲ್ಲರಿಗೂ ಹೇಳಿದ. ನಿಜ, ಫೋಟೋ ಅವನಿಗೇ ಕಳಿಸಿದ್ದೆ.

ಕಾಫಿ ಸರಿಯಾದ ಹೊತ್ತಿಗೆ ಬಂತು ಅಂಗಡಿಯಣ್ಣ.

ಸಂಜೆ ಪಾತ್ರೆ ಎತ್ತಿಡುವಾಗ ಸಂತು ಪಕ್ಕಕ್ಕೆ ಬಂದ. ಆ ರೈನ್‌ಗೇಜ್ ಅಪ್ಪನದು ಅಂದ. ದಿನಾ ಆರಕ್ಕೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರಂತೆ. ಇವನು ಬಂದ ಮೇಲೆ ಅದೇ ನೋಟ್‌ಬುಕ್ಕಿನಲ್ಲಿ ಮುಂದುವರಿಸಿದ್ದಾನೆ. ನನಗೆ ಗೊತ್ತಿರಲಿಲ್ಲ. "ಅದನ್ನ ಹೇಳಿದ್ದು ಒಳ್ಳೇದಾಯ್ತು" ಅಂದ. ಬೇಜಾರಿನಲ್ಲಿ ಹೇಳಿದನೋ ಖುಷಿಯಲ್ಲಿ ಹೇಳಿದನೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಸೀತತ್ತೆ, ಅರಸೀಕೆರೆ

ಖುಷಿಯಲ್ಲೇ ಮಗಾ. ಬೇಜಾರಾಗಿದ್ದರೆ ಪಾತ್ರೆ ಎತ್ತೋಕೆ ಬರ್ತಿರಲಿಲ್ಲ.

ಬೇಲೂರ್ ಗುರು

ಎಷ್ಟು ನಿಮಿಷ ಆಯ್ತು?

ಮಳೆಹುಳ

ಏಳು. ನನ್ನದು ನಾಲ್ಕು, ಉಳಿದದ್ದು ಮಳೆ ಲೆಕ್ಕ. ಈಗ ತಾನೇ ಗ್ರೂಪಿನಲ್ಲಿ ಮೆಸೇಜು ಬಂತು: "ಸಂಜೆಯಿಂದ ಅರವತ್ತು ಸೆಂಟು. ಬಸ್ಸು ಎಲ್ಲಿದೆ?"

ಮೂಗ್ತಿಹಳ್ಳಿ ದಾಟಿದೆ ಅಂತ ಹಾಕಿದ್ದೇನೆ. ಬಸ್ಸು ಹಾಸನದಲ್ಲಿದೆ.